ಕೆಲಸ ಮಾಡ್ತಾ ಇದ್ದು ವಾಪಸ್ ಓದೋಕೆ ಹೊರಟೋರಿಗೆ: ಪಿಎಚ್‌ಡಿ ಫೆಲೋಶಿಪ್ ಇಂಟರ್‌ವ್ಯೂನಲ್ಲಿ ಸೆಲ್ಫ್ ಇಂಟ್ರೊಡಕ್ಷನ್ ಹೆಂಗೆ ತಯಾರಿ ಮಾಡೋದು

ಹದಿನೈದು ಹದಿನಾರು ವರ್ಷ ಸರ್ವೀಸ್ ಆದ್ಮೇಲೆ ಪಿಎಚ್‌ಡಿಗೆ ಅಪ್ಲೈ ಮಾಡಿದೋರು ಮಾಕ್ ಇಂಟರ್‌ವ್ಯೂಗೆ ಅಂತ ನಮ್ಮತ್ರ ಬರ್ತಾ ಇರ್ತಾರೆ. ಇವರಲ್ಲಿ ಸುಮಾರು ಜನ ಸಬ್ಜೆಕ್ಟ್ ಪ್ರಶ್ನೆಗೆ ಮುಂಚೆನೇ, "ನಿಮ್ಮ ಬಗ್ಗೆ ಹೇಳಿ" ಅನ್ನೋ ಮೊದಲನೇ ಪ್ರಶ್ನೇಲೇ ಮುಗ್ಗರಿಸ್ತಾರೆ. ಹುಟ್ಟಿದ್ದು ಇಂಥ ಊರು, ಪಿಯುಸಿ ಇಲ್ಲಿ, ಬಿಇ ಅಲ್ಲಿ, ಆಮೇಲೆ ಕೆಲಸಕ್ಕೆ ಸೇರಿದ್ದು, ಮೊದಲನೇ ಪ್ರಮೋಷನ್ನು, ಎರಡನೇ ಟ್ರಾನ್ಸ್‌ಫರ್ರು, ಮದುವೆ, ಮಕ್ಕಳು, "ಮೊದಲಿಂದಲೂ ರಿಸರ್ಚ್ ಅಂದ್ರೆ ಆಸೆ ಸರ್" ಅಂತ ನಾಲ್ಕು ನಿಮಿಷ ಓಡತ್ತೆ, ಅಷ್ಟೊತ್ತಿಗೆ ಪ್ಯಾನೆಲ್‌ನಲ್ಲಿ ಒಬ್ರು ಫೋನ್ ನೋಡ್ತಾ ಇರ್ತಾರೆ.

ಇದಕ್ಕೆ ಕಾರಣ ಇದೆ. ಇಷ್ಟು ವರ್ಷ ನೀವು ಕೊಟ್ಟಿರೋದೆಲ್ಲ ನೌಕರಿ ಇಂಟರ್‌ವ್ಯೂ, ಅಲ್ಲಿ ಕೇಳೋದು "ಏನೇನು ಮಾಡಿದೀರಿ" ಅಂತ. ಫೆಲೋಶಿಪ್ ಪ್ಯಾನೆಲ್‌ಗೆ ಬೇಕಾಗಿರೋದು ನಿಮಗೆ ಇನ್ನೂ ಏನು ಗೊತ್ತಾಗಿಲ್ಲ, ಅದನ್ನ ಹೆಂಗೆ ಹುಡುಕ್ತೀರಿ, ಮೂರರಿಂದ ಆರು ವರ್ಷ ಕೂತು ಹುಡುಕೋ ತಾಕತ್ತು ಇದ್ಯಾ ಅನ್ನೋದು. ಅದೇ ಸರ್ವೀಸ್ ವಿಷಯನೇ ಹೇಳ್ಬೇಕು, ಆದ್ರೆ ಕ್ರಮ ಬೇರೆ.

ಉದಾಹರಣೆಗೆ ಒಬ್ರು ಇಂಜಿನಿಯರ್ ಮೇಡಂ ಕೇಸ್ ತಗೊಂಡು ಉದ್ದಕ್ಕೂ ಹೋಗೋಣ, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದೀನಿ. 41 ವರ್ಷ, ಸಿವಿಲ್, ಒಂದು ಜಿಲ್ಲಾ ಕೇಂದ್ರದಲ್ಲಿ ನೀರು ಸರಬರಾಜು ವಿಭಾಗದಲ್ಲಿ 16 ವರ್ಷ ಸರ್ವೀಸ್. ಒಂದು ತಾಂತ್ರಿಕ ಸಂಸ್ಥೆಯಲ್ಲಿ ಪೂರ್ಣಾವಧಿ ಪಿಎಚ್‌ಡಿಗೆ, ಫೆಲೋಶಿಪ್ ಸಮೇತ, ಇಂಟರ್‌ವ್ಯೂ ಕರೆ ಬಂದಿತ್ತು.

## ಶುರು ಮಾಡೋಕೆ ಮುಂಚೆ ಕೈಲಿ ಇರ್ಬೇಕಾದ್ದು

ನೀವು ಸಬ್ಮಿಟ್ ಮಾಡಿದ ಅಪ್ಲಿಕೇಶನ್ನಿನ ಪ್ರಿಂಟ್, ಅದರ ಜೊತೆ ಹಾಕಿದ ರಿಸರ್ಚ್ ಪ್ರಪೋಸಲ್, ಇಂಟರ್‌ವ್ಯೂ ಕಾಲ್ ಲೆಟರ್, ಒಂದು ನೋಟ್‌ಬುಕ್, ಫೋನಲ್ಲಿ ವಾಯ್ಸ್ ರೆಕಾರ್ಡರ್. ಇಷ್ಟು ಸಾಕು. ಪಿಪಿಟಿ ಕೇಳಿದ್ರೆ ಕಾಲ್ ಲೆಟರಲ್ಲೇ ಬರ್ದಿರ್ತಾರೆ, ಕೇಳದೇ ಇದ್ರೆ ಮಾಡ್ಕೊಂಡು ಹೋಗ್ಬೇಡಿ.

ಇದರ ಜೊತೆ ನಿಮ್ಮ ಫೀಲ್ಡ್ ದಾಖಲೆ ಯಾವುದಾದ್ರೂ ಇದ್ರೆ, ರಿಜಿಸ್ಟರ್ರು, ಲಾಗ್ ಬುಕ್ಕು, ಡೈರಿ, ಹುಡುಕಿ ತೆಗೀರಿ. ಆಫೀಸಿನ ದಾಖಲೆ ಆದ್ರೆ ಅನುಮತಿ ಇಲ್ಲದೆ ಹೊರಗೆ ತೋರಿಸೋ ಹಾಗಿಲ್ಲ, ನೆನಪು ತಾಜಾ ಮಾಡ್ಕೊಳ್ಳೋಕೆ ಓದ್ಕೊಳ್ಳಿ ಸಾಕು. ಸರ್ವೀಸ್ ಇರೋರ ಹತ್ರ ಫ್ರೆಶರ್ ಹತ್ರ ಇಲ್ಲದ ಒಂದೇ ಒಂದು ವಸ್ತು ಅಂದ್ರೆ ಇದು, ಆದ್ರೆ ಇದನ್ನೇ ಮನೇಲಿ ಬಿಟ್ಟು ಬರ್ತಾರೆ.

## ಹಂತ 1: ಅವರು ಆಗ್ಲೇ ಓದಿರೋದನ್ನ ಗುರುತು ಹಾಕ್ಕೊಳ್ಳಿ

ಅಪ್ಲಿಕೇಶನ್ ಪ್ರಿಂಟ್ ಇಟ್ಕೊಂಡು ಅದರಲ್ಲಿರೋ ವಿಷಯಗಳಿಗೆಲ್ಲ ಪೆನ್ಸಿಲಲ್ಲಿ ಗೆರೆ ಎಳೀರಿ. ಹೆಸರು, ಓದು, ಮಾರ್ಕ್ಸು, ಎಲ್ಲೆಲ್ಲಿ ಎಷ್ಟೆಷ್ಟು ವರ್ಷ ಕೆಲಸ. ಇದು ಪ್ಯಾನೆಲ್ ಮುಂದೆ ಕಾಗದದಲ್ಲೋ ಸ್ಕ್ರೀನಲ್ಲೋ ಇದ್ದೇ ಇರತ್ತೆ. ಇದನ್ನ ಮತ್ತೆ ಹೇಳಿದ್ರೆ ಅವರ ಟೈಮೂ ಹೋಯ್ತು ನಿಮ್ಮ ಟೈಮೂ ಹೋಯ್ತು. ಇಡೀ ಇಂಟರ್‌ವ್ಯೂ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ, ಹೆಚ್ಚಂದ್ರೆ ಅರ್ಧ ಗಂಟೆ ಇರತ್ತೆ, ಅದರಲ್ಲಿ ಇಂಟ್ರೊಡಕ್ಷನ್‌ಗೆ ತೊಂಬತ್ತು ಸೆಕೆಂಡ್ ಇಟ್ಕೊಳ್ಳಿ, ಎರಡು ನಿಮಿಷ ದಾಟ್ಬಾರ್ದು.

ಗೆರೆ ಎಳೆದ ಮೇಲೆ ಪ್ರಪೋಸಲ್ಲನ್ನೂ ಒಂದು ಸಲ ಓದಿ. ಅದನ್ನ ಬರೆದು ನಾಲ್ಕೈದು ತಿಂಗಳು ಆಗಿರತ್ತೆ, ಈಗ ನಿಮ್ಮ ತಲೇಲಿರೋ ವಿಷಯ ಅದರಿಂದ ಸ್ವಲ್ಪ ಬೇರೆ ಆಗಿರ್ಬಹುದು. ಬೇರೆ ಆಗಿದ್ರೆ ತಪ್ಪಿಲ್ಲ, ಆದ್ರೆ ನೀವು ಬಾಯಲ್ಲಿ ಒಂದು ಹೇಳಿ ಕಾಗದದಲ್ಲಿ ಇನ್ನೊಂದು ಇದ್ರೆ ಅವರೇ ಹಿಡೀತಾರೆ. "ಅಪ್ಲೈ ಮಾಡಿದ ಮೇಲೆ ಇದನ್ನ ಸ್ವಲ್ಪ ಕಿರಿದು ಮಾಡ್ಕೊಂಡಿದೀನಿ" ಅಂತ ನೀವೇ ಮೊದಲು ಹೇಳಿಬಿಡೋದು ವಾಸಿ.

## ಹಂತ 2: ಹದಿನಾರು ವರ್ಷದಿಂದ ಒಂದೇ ಒಂದು ವಿಷಯ ಆರಿಸ್ಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಟೈಮ್ ಇಲ್ಲಿ ಹಾಕ್ಬೇಕು, ಒಂದು ವಾರ ಹಿಡಿದ್ರೂ ಪರವಾಗಿಲ್ಲ. ನೋಟ್‌ಬುಕ್ಕಲ್ಲಿ ಮೂರು ಪ್ರಶ್ನೆ ಬರ್ಕೊಳ್ಳಿ. ಕೆಲಸದಲ್ಲಿ ಪದೇ ಪದೇ ಕಣ್ಣಿಗೆ ಬಿದ್ದು ಯಾಕೆ ಹಿಂಗಾಗತ್ತೆ ಅಂತ ಯಾರಿಗೂ ಹೇಳೋಕೆ ಬರದ ವಿಷಯ ಯಾವುದು? ಅದಕ್ಕೆ ನಾನು ಏನಾದ್ರೂ ಅಳತೆ, ಎಣಿಕೆ, ದಾಖಲೆ ಮಾಡಿದೀನಾ? ಎಲ್ಲಿಗೆ ಬಂದು ನನ್ನ ಕೈಲಿ ಆಗ್ಲಿಲ್ಲ?

ನಮ್ಮ ಮೇಡಂ ಮೊದಲು ಬರೆದಿದ್ದು "ನಗರ ನೀರು ನಿರ್ವಹಣೆಯ ಸಮಸ್ಯೆಗಳು" ಅಂತ. ಇದು ವಿಷಯ ಅಲ್ಲ, ಸೆಮಿನಾರ್ ಬ್ಯಾನರ್. ಇದನ್ನ ಹಿಡ್ಕೊಂಡು ಹೋದ್ರೆ ಪ್ಯಾನೆಲ್ "ಯಾವ ಸಮಸ್ಯೆ?" ಅಂತ ಕೇಳತ್ತೆ, ಅಲ್ಲಿಂದ ಶುರುವಾಗೋ ಪ್ರಶ್ನೆ ಯಾವ ಕಡೆ ಹೋಗತ್ತೋ ಯಾರಿಗೂ ಗೊತ್ತಿರಲ್ಲ.

ಕೂತು ಮಾತಾಡಿಸ್ತಾ ಹೋದಾಗ ನಿಜವಾದ ವಿಷಯ ಹೊರಗೆ ಬಂತು. ಅವರ ಊರಲ್ಲಿ ಐದು ದಿನಕ್ಕೊಮ್ಮೆ ನೀರು ಬಿಡೋದು. ನೀರು ಬಿಟ್ಟ ದಿನ ಲೈನಿನ ಕೊನೇ ಮನೆಗಳಿಂದ ಫೋನ್ ಬರೋದು, ಮೊದಲು ಬರೋ ನೀರು ಕೆಂಪಗಿದೆ, ವಾಸನೆ ಇದೆ ಅಂತ. ಓವರ್‌ಹೆಡ್ ಟ್ಯಾಂಕ್ ಹತ್ರ ಕ್ಲೋರಿನ್ ನೋಡಿದ್ರೆ ಸರಿಯಾಗೇ ಇರೋದು. ಹಂಗಾಗಿ ಒಂದು ಬೇಸಿಗೇಲಿ ಇವರು ವಾಲ್ವ್‌ಮನ್‌ಗಳ ಕೈಗೆ ಟೆಸ್ಟ್ ಕಿಟ್ ಕೊಟ್ಟು, ಎರಡು ವಾರ್ಡಲ್ಲಿ ಲೈನ್ ಕೊನೇಲಿರೋ 11 ಮನೆ ಆರಿಸಿ, ನೀರು ಬಂದ ತಕ್ಷಣ, ಹತ್ತು ನಿಮಿಷಕ್ಕೆ, ಇಪ್ಪತ್ತಕ್ಕೆ, ಮೂವತ್ತಕ್ಕೆ ಕ್ಲೋರಿನ್ ಎಷ್ಟಿದೆ ಅಂತ ರಿಜಿಸ್ಟರಲ್ಲಿ ಬರೆಸಿದ್ರು. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಬಳಕೆದಾರರ ನಲ್ಲೀಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರ್ಬೇಕು. ಮೊದಲ ನೀರಲ್ಲಿ ಸೊನ್ನೆ, ಕೆಲವು ಮನೇಲಿ ಹತ್ತೇ ನಿಮಿಷಕ್ಕೆ 0.2 ಬಂತು, ಕೆಲವು ಮನೇಲಿ ಅರ್ಧ ಗಂಟೆ ಆದ್ರೂ ಬರ್ಲಿಲ್ಲ. ದೂರ ಜಾಸ್ತಿ ಇದ್ದ ಮನೆಗೇ ತಡ ಆಗ್ಬೇಕಿತ್ತು, ಹಂಗೂ ಆಗಿರ್ಲಿಲ್ಲ. ಯಾಕೆ ಅಂತ ಅವರಿಗೆ ಗೊತ್ತಾಗ್ಲಿಲ್ಲ.

"ಅಯ್ಯೋ ಅದು ಸಣ್ಣ ಕೆಲಸ ಬಿಡಿ, ಅಪ್ಲಿಕೇಶನಲ್ಲಿ ಹಾಕೇ ಇಲ್ಲ, ನಾನು 40 ಕೋಟಿ ಪ್ರಾಜೆಕ್ಟ್ ಮಾಡ್ಸಿದೀನಿ ಅದನ್ನ ಹೇಳ್ತೀನಿ" ಅಂದ್ರು. ಸರ್ವೀಸ್ ಇರೋರು ಮಾಡೋ ದೊಡ್ಡ ತಪ್ಪು ಇದೇ. 40 ಕೋಟಿ ಪ್ರಾಜೆಕ್ಟು ಟೆಂಡರು, ಬಿಲ್ಲು, ಕಂಟ್ರಾಕ್ಟರು. ಪ್ಯಾನೆಲ್‌ಗೆ ಅದರಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ಲ. 11 ಮನೆ ರಿಜಿಸ್ಟರಲ್ಲಿ ಪ್ರಶ್ನೆ ಇದೆ, ಅಳತೆ ಇದೆ, ಉತ್ತರ ಸಿಗದ ಜಾಗ ಇದೆ.

ಆರಿಸಿದ ವಿಷಯ ಸರಿ ಇದ್ಯಾ ಅಂತ ನೋಡೋಕೆ ಒಂದು ಪರೀಕ್ಷೆ: ಅದನ್ನ "ಎಷ್ಟು", "ಯಾಕೆ", "ಯಾವಾಗ" ಅನ್ನೋ ಪದ ಇರೋ ಒಂದೇ ಪ್ರಶ್ನಾವಾಕ್ಯವಾಗಿ ಬರೆಯೋಕೆ ಆಗ್ಬೇಕು. "ನೀರು ಬಿಟ್ಟ ಎಷ್ಟು ಹೊತ್ತಿಗೆ ಕೊನೇ ಮನೇಲಿ ಕ್ಲೋರಿನ್ 0.2ಕ್ಕೆ ಬರತ್ತೆ, ಮನೆಯಿಂದ ಮನೆಗೆ ಅದು ಯಾಕೆ ಬದಲಾಗತ್ತೆ?" ಇದು ಪಾಸ್. "ಸಮಾಜಕ್ಕೆ ಶುದ್ಧ ನೀರು ಒದಗಿಸೋದು ಹೇಗೆ" ಅನ್ನೋದು ಫೇಲ್.

## ಹಂತ 3: ಐದು ತುಂಡಲ್ಲಿ ಬರೀರಿ, ಕ್ರಮ ಬದಲಾಯಿಸ್ಬೇಡಿ

ಮೊದಲನೇ ತುಂಡು ಈಗ ಏನು ಮಾಡ್ತಿದೀರಿ ಅನ್ನೋ ಒಂದೇ ವಾಕ್ಯ. ಎರಡನೇದು ನೀವು ಕಂಡ ವಿಷಯ, ಒಂದೋ ಎರಡೋ ಅಂಕಿ ಸಮೇತ. ಮೂರನೇದು ನೀವು ಏನು ಪ್ರಯತ್ನ ಮಾಡಿದ್ರಿ, ಎಲ್ಲಿ ನಿಂತೋಯ್ತು. ನಾಲ್ಕನೇದು ಅದರಿಂದ ಹುಟ್ಟಿದ ಪ್ರಶ್ನೆ, ಅದನ್ನ ಈ ಡಿಪಾರ್ಟ್‌ಮೆಂಟಲ್ಲೇ ಯಾಕೆ ಮಾಡ್ಬೇಕು. ಐದನೇದು ವಾಪಸ್ ಓದೋಕೆ ಏನು ತಯಾರಿ ಮಾಡ್ಕೊಂಡಿದೀರಿ. ಆಮೇಲೆ ಸುಮ್ಮನಾಗೋದು.

ಓದಿದ ಕಾಲೇಜು ಎಲ್ಲಿ ಬಂತು ಅಂತ ಕೇಳ್ಬಹುದು. ಬರಲ್ಲ. ಬೇಕಾದ್ರೆ ಅವರೇ ಕೇಳ್ತಾರೆ.

ಮೇಡಂ ಮೊದಲ ಸಲ ಹೇಳಿದ್ದು ಹಿಂಗಿತ್ತು:

> "ಗುಡ್ ಮಾರ್ನಿಂಗ್ ಸರ್, ನಾನು ಇಂಥ ಜಿಲ್ಲೆಯವಳು, ನಮ್ಮ ತಂದೆ ಶಿಕ್ಷಕರು, 2006ರಲ್ಲಿ ಡಿಸ್ಟಿಂಕ್ಷನಲ್ಲಿ ಬಿಇ ಮುಗಿಸಿದೆ, ಆಮೇಲೆ ಎಂಟೆಕ್, 16 ವರ್ಷದಿಂದ ನೀರು ಸರಬರಾಜಲ್ಲಿ ವಿವಿಧ ಹುದ್ದೆಗಳಲ್ಲಿ ಕೆಲಸ ಮಾಡಿ ಅಪಾರ ಅನುಭವ ಇದೆ, ಮೊದಲಿಂದಲೂ ಸಂಶೋಧನೆ ಮಾಡ್ಬೇಕು ಅಂತ ಆಸೆ ಇತ್ತು, ಮನೆ ಜವಾಬ್ದಾರಿಯಿಂದ ಆಗಿರ್ಲಿಲ್ಲ, ಈಗ ಮಕ್ಕಳು ದೊಡ್ಡೋರಾಗಿದಾರೆ..."

ತಿದ್ದಿ ತಿದ್ದಿ ಕೊನೆಗೆ ಬಂದಿದ್ದು ಇದು:

> "ನಾನು ನಗರ ನೀರು ಸರಬರಾಜಲ್ಲಿ ಇಂಜಿನಿಯರ್, ಈಗ ಎರಡು ಲಕ್ಷ ಜನಸಂಖ್ಯೆಯ ಊರಿನ ವಿತರಣಾ ಜಾಲ ನೋಡ್ಕೊಳ್ತೀನಿ. ನಮ್ಮಲ್ಲಿ ಐದು ದಿನಕ್ಕೊಮ್ಮೆ ನೀರು ಬಿಡೋದು. ಟ್ಯಾಂಕಲ್ಲಿ ಕ್ಲೋರಿನ್ ಸರಿ ಇದ್ರೂ ಲೈನಿನ ಕೊನೇ ಮನೆಗಳಲ್ಲಿ ಮೊದಲು ಬರೋ ನೀರಲ್ಲಿ ಸೊನ್ನೆ ಇರತ್ತೆ. ಒಂದು ಬೇಸಿಗೆ 11 ಮನೇಲಿ ನೀರು ಬಿಟ್ಟ ಮೊದಲ ಅರ್ಧ ಗಂಟೆ ಅಳತೆ ಮಾಡಿಸ್ದೆ. ಕೆಲವು ಕಡೆ ಹತ್ತು ನಿಮಿಷಕ್ಕೆ 0.2 ಮಿಲಿಗ್ರಾಂ ತಲುಪ್ತು, ಕೆಲವು ಕಡೆ ಮೂವತ್ತಾದ್ರೂ ತಲುಪ್ಲಿಲ್ಲ, ಟ್ಯಾಂಕಿಂದ ಇರೋ ದೂರಕ್ಕೂ ಇದಕ್ಕೂ ಹೊಂದಾಣಿಕೆ ಬರ್ಲಿಲ್ಲ. ಪೈಪ್ ಜಾಲದ ಲೆಕ್ಕ ಮಾಡೋ ಎಪಾನೆಟ್ ಸಾಫ್ಟ್‌ವೇರಲ್ಲಿ ಮಾಡೆಲ್ ಮಾಡಿ ನೋಡ್ದೆ. ಅದು ಪೈಪ್ ಯಾವಾಗ್ಲೂ ತುಂಬಿರತ್ತೆ ಅಂದ್ಕೊಂಡು ಲೆಕ್ಕ ಮಾಡತ್ತೆ, ನಮ್ಮ ಪೈಪು ನಾಲ್ಕು ದಿನ ಖಾಲಿ ಇರತ್ತೆ, ಅಲ್ಲಿಗೆ ನಿಂತೆ. ಖಾಲಿ ಪೈಪ್ ತುಂಬೋ ಹೊತ್ತಲ್ಲಿ ನೀರಿನ ಗುಣಮಟ್ಟ ಹೆಂಗೆ ಬದಲಾಗತ್ತೆ ಅನ್ನೋದು ನನ್ನ ಪ್ರಶ್ನೆ. ಇಲ್ಲಿ ಹೈಡ್ರಾಲಿಕ್ಸ್ ಲ್ಯಾಬಲ್ಲಿ ಪೈಪ್ ಲೂಪ್ ಇದೆ, ಅದರಲ್ಲಿ ಇದನ್ನ ಪರೀಕ್ಷೆ ಮಾಡ್ಬಹುದು ಅಂತ ಇಲ್ಲಿಗೆ ಅರ್ಜಿ ಹಾಕಿದೀನಿ. ಹಳೇ ಸಬ್ಜೆಕ್ಟ್ ಮರೆತಿತ್ತು, ಹಂಗಾಗಿ ಈ ವರ್ಷ ಎನ್‌ಪಿಟಿಇಎಲ್‌ನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಕೋರ್ಸ್ ಮತ್ತೆ ಮಾಡಿದೀನಿ. ಆಯ್ಕೆ ಆದ್ರೆ ವೇತನ ಇಲ್ಲದ ರಜೆ ತಗೊಂಡು ಪೂರ್ಣಾವಧಿ ಸೇರ್ತೀನಿ."

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡನೇದರಲ್ಲಿ "ಅನುಭವ" ಅನ್ನೋ ಪದನೇ ಇಲ್ಲ, "ಆಸೆ" ಅನ್ನೋದೂ ಇಲ್ಲ. ಬಡ್ತಿ ಹೇಳಿಲ್ಲ. ಆದ್ರೆ ಹದಿನಾರು ವರ್ಷ ಫೀಲ್ಡಲ್ಲಿ ಇಲ್ಲದೋರು ಇದನ್ನ ಹೇಳೋಕೆ ಸಾಧ್ಯ ಇಲ್ಲ ಅಂತ ಕೇಳಿದೋರಿಗೆ ಗೊತ್ತಾಗತ್ತೆ. "ಅಲ್ಲಿಗೆ ನಿಂತೆ" ಅನ್ನೋದನ್ನ ಹೇಳೋಕೆ ತುಂಬಾ ಜನ ಹೆದರ್ತಾರೆ, ಸೋತಂಗೆ ಕಾಣತ್ತೆ ಅಂತ. ಫೆಲೋಶಿಪ್ ಕೊಡೋದೇ ಆ ನಿಂತ ಜಾಗದಿಂದ ಮುಂದಕ್ಕೆ ಹೋಗೋಕೆ, ಅದನ್ನ ಬಿಟ್ರೆ ಕೇಳೋಕೆ ಏನೂ ಉಳಿಯಲ್ಲ.

ನಾಲ್ಕನೇ ತುಂಡಲ್ಲಿ ಇನ್ನೊಂದು ಎಚ್ಚರಿಕೆ. "ನಿಮ್ಮ ಸಂಸ್ಥೆ ಹೆಸರಾಂತ ಸಂಸ್ಥೆ" ಅಂತ ಹೇಳಿ ಉಪಯೋಗ ಇಲ್ಲ. ಅಲ್ಲಿರೋ ಒಂದು ಲ್ಯಾಬ್, ಒಂದು ಉಪಕರಣ, ಒಬ್ಬ ಫ್ಯಾಕಲ್ಟಿಯ ಇತ್ತೀಚಿನ ಕೆಲಸ, ಯಾವುದಾದ್ರೂ ಒಂದನ್ನ ನಿಮ್ಮ ಪ್ರಶ್ನೆಗೆ ಗಂಟು ಹಾಕಿ. ಆ ಫ್ಯಾಕಲ್ಟಿ ಈಗಲೂ ಅಲ್ಲೇ ಇದಾರಾ, ಆ ಲ್ಯಾಬ್ ನಡೀತಿದ್ಯಾ ಅಂತ ಡಿಪಾರ್ಟ್‌ಮೆಂಟ್ ವೆಬ್‌ಸೈಟಲ್ಲಿ ಹಿಂದಿನ ದಿನ ನೋಡ್ಕೊಳ್ಳಿ.

## ಹಂತ 4: ಪ್ರತಿ ವಾಕ್ಯದ ಕೆಳಗೆ ಬರೋ ಪ್ರಶ್ನೆ ಬರೀರಿ

ಇಂಟ್ರೊಡಕ್ಷನ್ ಮುಗಿದ ಮೇಲೆ ಬರೋ ಮೊದಲ ಮೂರ್ನಾಲ್ಕು ಪ್ರಶ್ನೆ ಸಾಮಾನ್ಯವಾಗಿ ನೀವೇ ಹೇಳಿದ್ದರಿಂದ ಹುಟ್ಟತ್ತೆ. ಅಂದ್ರೆ ಆ ಪ್ರಶ್ನೆಗಳನ್ನ ನೀವೇ ಕೊಟ್ಟಂಗಾಯ್ತು. ಹಂಗಿದ್ಮೇಲೆ ಉತ್ತರ ಗೊತ್ತಿಲ್ಲದ ಪದನ ಬಾಯಿಗೆ ತರ್ಲೇಬಾರ್ದು.

ನೋಟ್‌ಬುಕ್ಕಲ್ಲಿ ಎಡಗಡೆ ಒಂದೊಂದು ವಾಕ್ಯ, ಬಲಗಡೆ ಅದಕ್ಕೆ ಬರಬಹುದಾದ ಮೂರು ಪ್ರಶ್ನೆ. ಮೇಡಂ ಮಾಡಿದ್ರಲ್ಲಿ ಮುಖ್ಯವಾದ್ದು ಇಲ್ಲಿ ಹೇಳ್ತೀನಿ.

"ಅಳತೆ ಮಾಡಿಸ್ದೆ" ಅನ್ನೋದಕ್ಕೆ ತಕ್ಷಣ ಬರೋ ಪ್ರಶ್ನೆ: ಯಾವುದರಲ್ಲಿ ಅಳತೆ ಮಾಡಿದ್ರಿ? ಅವರು ಬಳಸಿದ್ದು ಆರ್ಥೊಟಾಲಿಡಿನ್ ಕಿಟ್, ಫೀಲ್ಡಲ್ಲಿ ಓಟಿ ಅಂತಾರೆ, ಎರಡು ಹನಿ ಹಾಕಿದ್ರೆ ನೀರು ಹಳದಿ ಆಗತ್ತೆ, ಬಣ್ಣ ನೋಡಿ ಹೇಳೋದು. ಇದು ಫ್ರೀ ಕ್ಲೋರಿನ್ನನ್ನ ಬೇರೆ ವಸ್ತು ಜೊತೆ ಸೇರಿರೋ ಕ್ಲೋರಿನ್ನಿಂದ ಚೆನ್ನಾಗಿ ಬೇರ್ಪಡಿಸಲ್ಲ. ಡಿಪಿಡಿ ವಿಧಾನದಲ್ಲಿ ಎರಡನ್ನೂ ಬೇರೆ ಬೇರೆ ನೋಡ್ಬಹುದು. ವಾಟರ್ ಕ್ವಾಲಿಟಿ ಗೊತ್ತಿರೋರು ಯಾರಾದ್ರೂ ಪ್ಯಾನೆಲಲ್ಲಿದ್ರೆ ಇದನ್ನ ಕೇಳೇ ಕೇಳ್ತಾರೆ. ಸರಿಯಾದ ಉತ್ತರ ಹಿಂಗೆ: "ಓಟಿ ಬಳಸಿದ್ದು ಸರ್, ಆಫೀಸಲ್ಲಿ ಅದೇ ಇದ್ದಿದ್ದು. ಹಂಗಾಗಿ 0.2 ಬಂತು ಅಂದಿದ್ದರಲ್ಲಿ ಫ್ರೀ ಕ್ಲೋರಿನ್ ಅದಕ್ಕಿಂತ ಕಡಿಮೆ ಇರ್ಬಹುದು. ಸೊನ್ನೆ ಬಂದ ರೀಡಿಂಗ್ ಮೇಲೆ ನಂಬಿಕೆ ಇದೆ. ಮುಂದೆ ಡಿಪಿಡಿಲಿ ಮಾಡ್ಬೇಕು." ತಮ್ಮ ಅಳತೆಯ ಮಿತಿ ಎಲ್ಲಿದೆ ಅಂತ ತಾವೇ ಹೇಳೋರು ಪ್ಯಾನೆಲ್‌ಗೆ ಇಷ್ಟ ಆಗ್ತಾರೆ, ಅದನ್ನ ಮುಚ್ಚಿಡೋಕೆ ಹೋದೋರು ಮುಂದಿನ ಪ್ರಶ್ನೇಲಿ ಸಿಕ್ಕಾಕ್ಕೊಳ್ತಾರೆ.

ಎರಡನೇದು, "ಹುಬ್ಬಳ್ಳಿ-ಧಾರವಾಡದಲ್ಲಿ ಇದೇ ತರ ಕೆಲಸ ಆಗಿದ್ಯಲ್ಲ, ನಿಮ್ಮದೇನು ಹೊಸದು?" ಇದು ನ್ಯಾಯವಾದ ಪ್ರಶ್ನೆ. ವಿಶ್ವಬ್ಯಾಂಕ್ ನೆರವಿನ ಯೋಜನೇಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಕೊಟ್ರು, ಹುಬ್ಬಳ್ಳಿ-ಧಾರವಾಡದಲ್ಲಿ ಆ ವಾರ್ಡುಗಳನ್ನೂ ಬಿಟ್ಟು ಬಿಟ್ಟು ನೀರು ಬರೋ ವಾರ್ಡುಗಳನ್ನೂ ಹೋಲಿಸಿ ನೀರಿನ ಗುಣಮಟ್ಟದ ಅಧ್ಯಯನಗಳು ಅಂತರರಾಷ್ಟ್ರೀಯ ಜರ್ನಲ್‌ಗಳಲ್ಲಿ ಬಂದಿವೆ. ಕರ್ನಾಟಕದಲ್ಲಿ ನೀರಿನ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತ ಬಂದು ಇದನ್ನ ಓದದೇ ಇದ್ರೆ ಕಷ್ಟ. ಮೇಡಂ ಉತ್ತರ: ಅಲ್ಲಿ ಎರಡು ತರದ ಸರಬರಾಜಿನ ಹೋಲಿಕೆ ಇದೆ, ನನಗೆ ಬೇಕಾಗಿರೋದು ಬಿಟ್ಟು ಬಿಟ್ಟು ಬರೋ ನೀರೊಳಗೇ ಮನೆಯಿಂದ ಮನೆಗೆ ವ್ಯತ್ಯಾಸ ಯಾಕೆ, ವಾಲ್ವ್ ತಿರುಗಿಸೋ ಕ್ರಮ ಬದಲಾಯಿಸಿದ್ರೆ ಅದು ಕಡಿಮೆ ಆಗತ್ತಾ ಅನ್ನೋದು. ನಿಮ್ಮ ವಿಷಯ ಯಾವುದೇ ಇರ್ಲಿ, ಅದಕ್ಕೆ ಹತ್ತಿರದ ಕೆಲಸ ಎರಡು ಮೂರು ಆಗಿರತ್ತೆ, ಅವನ್ನ ಪೂರ್ತಿ ಓದಿ, ನಿಮ್ಮದು ಅದರಿಂದ ಎಲ್ಲಿ ಬೇರೆ ಅಂತ ಒಂದು ವಾಕ್ಯ ರೆಡಿ ಇಟ್ಕೊಳ್ಳಿ.

ಮೂರನೇದು ಬೋರ್ಡ್ ಹತ್ರ ಕರೆಯೋದು. ಸರ್ವೀಸಲ್ಲಿದ್ದೋರು ಬೇಸಿಕ್ಸ್ ಮರೆತಿರ್ತಾರೆ ಅನ್ನೋ ಅನುಮಾನ ಇದ್ದೇ ಇರತ್ತೆ, ಹಂಗಾಗಿ ನೀವು ಹೇಳಿದ್ದರಲ್ಲೇ ಒಂದು ಲೆಕ್ಕ ಕೊಡ್ತಾರೆ. "ಟ್ಯಾಂಕಲ್ಲಿ ಕ್ಲೋರಿನ್ 0.5, ಕೊನೇ ಮನೇಲಿ 0.2, ಪೈಪ್ ತುಂಬಿ ಹರೀತಿದೆ, ನೀರು ತಲುಪೋಕೆ 2 ಗಂಟೆ. ಕ್ಷಯದ ದರ ಎಷ್ಟು?"

```
C = C0 · e^(-kt)
k = ln(0.5 / 0.2) / 2
  = 0.916 / 2
  ≈ 0.46 (1/h)
```

ಗಂಟೆಗೆ 0.46. ಇಷ್ಟು ಮಾಡಿದ್ಮೇಲೆ ಚಾಕ್ ಕೆಳಗಿಡೋಕೆ ಮುಂಚೆ ಮುಂದಿನ ಪ್ರಶ್ನೆ ಬರತ್ತೆ: "ಇದೇ ದರ ಹಾಕಿದ್ರೆ ನಾಲ್ಕು ದಿನ ಪೈಪಲ್ಲಿ ನಿಂತ ನೀರಿಗೆ?" 96 ಗಂಟೆ ಹಾಕಿದ್ರೆ ಸೊನ್ನೆ ಅಂತಲೇ ಲೆಕ್ಕ. ಹಂಗಾಗಿ ಮೊದಲ ನೀರಲ್ಲಿ ಸೊನ್ನೆ ಬರೋದರಲ್ಲಿ ಆಶ್ಚರ್ಯ ಏನೂ ಇಲ್ಲ, ತಗ್ಗಲ್ಲಿ ನಿಂತ ನೀರು, ಒತ್ತಡ ಇಲ್ಲದಾಗ ಸೋರೋ ಜಾಯಿಂಟಿಂದ ಒಳಗೆ ಬಂದ ನೀರು, ಎಲ್ಲ ಮೊದಲು ಹೊರಗೆ ಬರತ್ತೆ. ಆಶ್ಚರ್ಯ ಇರೋದು ಅದು ತೊಳ್ಕೊಂಡು ಹೋಗೋಕೆ ಒಂದೊಂದು ಮನೇಲಿ ಒಂದೊಂದು ಹೊತ್ತು ಹಿಡಿಯೋದರಲ್ಲಿ. ಇದನ್ನ ಮೇಡಂ ಮಾಕ್‌ನಲ್ಲಿ ಬೋರ್ಡ್ ಮುಂದೆ ನಿಂತು ತಾವೇ ಕಂಡುಕೊಂಡ್ರು, ಆಮೇಲೆ ಅವರ ಪ್ರಶ್ನೆ ಇನ್ನೂ ಚೂಪಾಯ್ತು.

ನಿಮ್ಮ ವಿಷಯ ಇತಿಹಾಸವೋ ಶಿಕ್ಷಣವೋ ಆಗಿದ್ರೆ ಬೋರ್ಡ್ ಲೆಕ್ಕದ ಬದಲು "ಈ ಹನ್ನೊಂದು ಜನನ ಹೆಂಗೆ ಆರಿಸಿದ್ರಿ, ಒಪ್ಪಿಗೆ ತಗೊಂಡಿದ್ರಾ" ತರದ ಪ್ರಶ್ನೆ ಬರತ್ತೆ. ಕೆಲಸ ಒಂದೇ.

ಎಚ್ಚರಿಕೆಯ ಗುರುತು: ಬಲಗಡೆ ಪ್ರಶ್ನೆ ಬರೆಯೋಕೆ ಏನೂ ಹೊಳೀತಿಲ್ಲ ಅಂದ್ರೆ ಎಡಗಡೆ ವಾಕ್ಯ ಟೊಳ್ಳು, ತೆಗೆದು ಹಾಕಿ. "ನಾನು ಟೀಮ್ ಪ್ಲೇಯರ್" ಅನ್ನೋದಕ್ಕೆ ಯಾರೂ ಏನೂ ಕೇಳಲ್ಲ. "ಮಷಿನ್ ಲರ್ನಿಂಗಲ್ಲೂ ಆಸಕ್ತಿ ಇದೆ" ಅಂದ್ರೆ ಮಾತ್ರ ಖಂಡಿತ ಕೇಳ್ತಾರೆ, ಉತ್ತರ ಇಲ್ಲದಿದ್ರೆ ಅದನ್ನೂ ತೆಗೀರಿ.

## ಹಂತ 5: "ಈಗ್ಯಾಕೆ?" ಅನ್ನೋದಕ್ಕೆ ಒಂದೇ ವಾಕ್ಯ

ವಯಸ್ಸು, ಮನೆ, ದುಡ್ಡು, ರಜೆ. ಇದು ಪ್ಯಾನೆಲ್ ಮನಸಲ್ಲಿ ಇದ್ದೇ ಇರತ್ತೆ, ಎಲ್ಲರೂ ಬಾಯಿಬಿಟ್ಟು ಕೇಳಲ್ಲ. ಇಂಟ್ರೊಡಕ್ಷನಲ್ಲಿ ಇದಕ್ಕೆ ಕೊನೇಲಿ ಒಂದೇ ವಾಕ್ಯ ಕೊಡಿ, ಅದೂ ವ್ಯವಸ್ಥೆ ಏನು ಅಂತ, ಭಾವನೆ ಬೇಡ. "ವೇತನ ಇಲ್ಲದ ರಜೆ ತಗೊಂಡು ಪೂರ್ಣಾವಧಿ ಸೇರ್ತೀನಿ" ಅನ್ನೋದು ಅಷ್ಟೇ ಕೆಲಸ ಮಾಡ್ತಿದೆ. ಮಕ್ಕಳು ದೊಡ್ಡೋರಾದ್ರು, ಅತ್ತೆ ಒಪ್ಪಿದ್ರು ಅನ್ನೋದೆಲ್ಲ ನಿಮ್ಮ ಮನೆ ವಿಷಯ, ಅಲ್ಲಿ ಹೇಳೋ ಅಗತ್ಯ ಇಲ್ಲ.

ಆದ್ರೆ ವಿವರ ಗೊತ್ತಿರ್ಬೇಕು. ಪೂರ್ಣಾವಧಿ ಫೆಲೋಶಿಪ್ ಅಂದ್ರೆ 2023ರ ಜನವರಿಯಿಂದ ಜೆಆರ್‌ಎಫ್ ದರ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ ಎಸ್‌ಆರ್‌ಎಫ್ ದರ 42,000, ಮನೆ ಬಾಡಿಗೆ ಭತ್ಯೆ ಬೇರೆ. ನಿಮ್ಮ ಈಗಿನ ಸಂಬಳ ಇದಕ್ಕಿಂತ ಜಾಸ್ತಿ ಇರ್ಬಹುದು, "ಹೆಂಗೆ ನಿಭಾಯಿಸ್ತೀರಿ" ಅಂದ್ರೆ ಲೆಕ್ಕ ಹಾಕಿದೀನಿ ಅಂತ ನೇರವಾಗಿ ಹೇಳಿ. ಸಂಬಳ, ಫೆಲೋಶಿಪ್ ಎರಡನ್ನೂ ಒಟ್ಟಿಗೆ ತಗೊಳ್ಳೋಕೆ ಸಾಮಾನ್ಯವಾಗಿ ಬಿಡಲ್ಲ, ಅದು ಗೊತ್ತಿಲ್ಲದೆ ಮಾತಾಡಿದ್ರೆ ತಯಾರಿ ಇಲ್ಲ ಅಂತ ಆಗತ್ತೆ. ಯುಜಿಸಿ ನೆಟ್ ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ, ಸಾಮಾನ್ಯ ವರ್ಗಕ್ಕೆ 30, ಮಹಿಳೆಯರಿಗೆ ಮತ್ತು ಮೀಸಲು ವರ್ಗಗಳಿಗೆ ಐದು ವರ್ಷ ಸಡಿಲಿಕೆ, ಹಂಗಾಗಿ ನಲವತ್ತು ದಾಟಿದೋರಿಗೆ ಅದು ಸಿಗಲ್ಲ, ಸಂಸ್ಥೆಯ ಸ್ವಂತ ಫೆಲೋಶಿಪ್ ಇದ್ಯಾ, ಅದಕ್ಕೆ ವಯಸ್ಸಿನ ಮಿತಿ ಇದ್ಯಾ ಅಂತ ನೋಟಿಫಿಕೇಶನಲ್ಲಿ ಓದ್ಕೊಂಡು ಹೋಗಿ.

ಕೆಲಸ ಬಿಡದೆ ಪಾರ್ಟ್‌ಟೈಮ್ ಮಾಡೋರಾದ್ರೆ, ಯುಜಿಸಿಯ 2022ರ ನಿಯಮದ ಪ್ರಕಾರ ಉದ್ಯೋಗದಾತರ ಎನ್‌ಒಸಿ ಬೇಕು, ಅದರಲ್ಲಿ ಸಂಶೋಧನೆಗೆ ಸಾಕಷ್ಟು ಟೈಮ್ ಸಿಗತ್ತೆ, ಬೇಕಾದ್ರೆ ಕೋರ್ಸ್‌ವರ್ಕ್ ಮುಗಿಸೋಕೆ ಬಿಡುಗಡೆ ಮಾಡ್ತೀವಿ ಅಂತ ಇರ್ಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದನ್ನ ಯಾವ ದಿನ ಹೋಗಿ ಮಾಡ್ತೀರಿ ಅನ್ನೋದಕ್ಕೆ ಉತ್ತರ ಇರ್ಬೇಕು. "ಮ್ಯಾನೇಜ್ ಮಾಡ್ಕೊಳ್ತೀನಿ ಸರ್" ಅನ್ನೋದು ಉತ್ತರ ಅಲ್ಲ.

ಇನ್ನೊಂದು ಸೂಕ್ಷ್ಮ. ನಿಮ್ಮ ಗೈಡ್ ನಿಮಗಿಂತ ಐದಾರು ವರ್ಷ ಚಿಕ್ಕೋರಿರಬಹುದು, ಪ್ಯಾನೆಲಲ್ಲೂ ಕೂತಿರಬಹುದು. ಅವರನ್ನೂ ಸರ್, ಮೇಡಂ ಅಂತಲೇ ಮಾತಾಡಿಸಿ, "ನಮ್ಮ ಫೀಲ್ಡಲ್ಲಿ ಹಂಗಲ್ಲ, ಪ್ರಾಕ್ಟಿಕಲ್ಲಾಗಿ ನೋಡಿದ್ರೆ" ಅಂತ ಪಾಠ ಮಾಡೋ ಧಾಟಿ ಬಂತು ಅಂದ್ರೆ ಇವರನ್ನ ಗೈಡ್ ಮಾಡೋದು ಕಷ್ಟ ಅಂತ ಅಲ್ಲೇ ತೀರ್ಮಾನ ಆಗೋಗತ್ತೆ. ಆಫೀಸಲ್ಲಿ ಹತ್ತು ಜನರ ಮೇಲೆ ಅಧಿಕಾರ ನಡೆಸಿದೋರಿಗೆ ಈ ಧಾಟಿ ಗೊತ್ತಿಲ್ಲದಂಗೇ ಬರತ್ತೆ, ರೆಕಾರ್ಡಿಂಗಲ್ಲಿ ಕೇಳಿಸ್ಕೊಂಡ್ರೆ ಮಾತ್ರ ಗೊತ್ತಾಗತ್ತೆ.

## ಹಂತ 6: ಬಾಯಲ್ಲಿ ಹೇಳಿ, ರೆಕಾರ್ಡ್ ಮಾಡಿ, ಕಾಗದ ಎತ್ತಿಡಿ

ಟೆಕ್ನಿಕಲ್ ವಿಷಯದ ಇಂಟರ್‌ವ್ಯೂ ಹೆಚ್ಚಿನ ಕಡೆ ಇಂಗ್ಲಿಷಲ್ಲೇ. ಆದ್ರೂ ಮೊದಲು ಕನ್ನಡದಲ್ಲಿ ಹೇಳಿ ಅಭ್ಯಾಸ ಮಾಡಿ, ಮನೇಲಿ ಯಾರಾದ್ರೂ ಈ ವಿಷಯ ಗೊತ್ತಿಲ್ಲದೋರ ಮುಂದೆ. ಅವರಿಗೆ ಪ್ರಶ್ನೆ ಏನು ಅಂತ ಅರ್ಥ ಆಗದಿದ್ರೆ ತಪ್ಪು ವಿಷಯದಲ್ಲಿದೆ, ಭಾಷೇಲಲ್ಲ. ಆಮೇಲೆ ಅದೇ ಕ್ರಮ ಇಟ್ಕೊಂಡು ಇಂಗ್ಲಿಷಿಗೆ ಬನ್ನಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ. ಬರ್ದಿದ್ದನ್ನ ಉರು ಹೊಡೀಬೇಡಿ. ಐದು ತುಂಡಿಗೆ ಐದು ಪದ ಚೀಟೀಲಿ ಬರ್ಕೊಳ್ಳಿ: ಊರು, ಸೊನ್ನೆ, ಎಪಾನೆಟ್, ಲೂಪ್, ರಜೆ. ಅದನ್ನ ನೋಡ್ಕೊಂಡು ಪ್ರತಿ ಸಲ ಬೇರೆ ಬೇರೆ ವಾಕ್ಯದಲ್ಲಿ ಹೇಳಿ. ಉರು ಹೊಡೆದೋರಿಗೆ ಮಧ್ಯೆ ಯಾರಾದ್ರೂ ತಡೆದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗತ್ತೆ.

ರೆಕಾರ್ಡ್ ಕೇಳುವಾಗ ಮೂರು ವಿಷಯ ನೋಡಿ. ಎರಡು ನಿಮಿಷ ದಾಟ್ತಾ? ಮೊದಲನೇ ಅಂಕಿ ಅಥವಾ ನಿರ್ದಿಷ್ಟ ಸಂಗತಿ ಮೂವತ್ತು ಸೆಕೆಂಡೊಳಗೆ ಬಂತಾ? ಕೊನೇ ವಾಕ್ಯ ಆದ್ಮೇಲೆ "ಸೋ... ಅಷ್ಟೇ ಸರ್... ಮತ್ತೆ ನನ್ನ ಹಾಬೀಸ್..." ಅಂತ ಬಾಲ ಬೆಳೀತಾ? ಬಾಲ ಬೆಳೀತಿದ್ರೆ ಕೊನೇ ವಾಕ್ಯ ಒಂದನ್ನ ಮಾತ್ರ ಪದಪದ ಹಂಗೇ ಗಟ್ಟಿ ಮಾಡ್ಕೊಳ್ಳಿ, ಅದು ಹೇಳಿ ಬಾಯಿ ಮುಚ್ಚಿ ಎರಡು ಸೆಕೆಂಡ್ ಕೂರೋದನ್ನೂ ಅಭ್ಯಾಸ ಮಾಡಿ.

## ಹಂತ 7: ಆ ದಿನ

ಒಳಗೆ ಹೋದ್ಮೇಲೆ "ನಿಮ್ಮ ಬಗ್ಗೆ ಹೇಳಿ" ಅನ್ನೋ ಬದಲು "ನಿಮ್ಮ ರಿಸರ್ಚ್ ಬಗ್ಗೆ ಹೇಳಿ" ಅಂದ್ರೆ ಎರಡನೇ ತುಂಡಿಂದ ಶುರು ಮಾಡಿ. "ನಿಮಗೆ ಇಷ್ಟದ ಎರಡು ಸಬ್ಜೆಕ್ಟ್ ಹೇಳಿ, ಅದರಲ್ಲಿ ಕೇಳ್ತೀವಿ" ಅಂದ್ರೆ ಇಂಟ್ರೊಡಕ್ಷನ್ ಬಿಟ್ಬಿಡಿ, ನೇರ ಸಬ್ಜೆಕ್ಟ್ ಹೇಳಿ. ತಯಾರಿ ಮಾಡಿದ್ದು ವೇಸ್ಟ್ ಆಯ್ತಲ್ಲ ಅಂತ ಅದನ್ನ ಎಲ್ಲಿಗೋ ತುರುಕೋಕೆ ಹೋಗ್ಬೇಡಿ, ಉತ್ತರದ ಮಧ್ಯೆ 11 ಮನೆ ವಿಷಯ ತಾನಾಗೇ ಬರತ್ತೆ.

ಇಪ್ಪತ್ತು ಸೆಕೆಂಡಿಗೇ ಯಾರಾದ್ರೂ ತಡೆದು ಪ್ರಶ್ನೆ ಕೇಳಿದ್ರೆ ಗಾಬರಿ ಬೇಡ, ಅದು ಒಳ್ಳೇ ಲಕ್ಷಣ, ವಿಷಯ ಹಿಡ್ಕೊಂಡಿದಾರೆ ಅಂತ. ಉತ್ತರ ಕೊಡಿ, ಉಳಿದ ತುಂಡು ಮುಗಿಸ್ಲೇಬೇಕು ಅಂತ ಹಠ ಮಾಡ್ಬೇಡಿ. ಪೂರ್ತಿ ಹೇಳೋಕೆ ಬಿಟ್ಟು, ಆಮೇಲೆ "ಯಾವ ಕಾಲೇಜಲ್ಲಿ ಓದಿದ್ರಿ" ಅಂತ ಕೇಳಿದ್ರೆ ಮಾತ್ರ ಅವರಿಗೆ ಹಿಡ್ಕೊಳ್ಳೋಕೆ ಏನೂ ಸಿಕ್ಕಿಲ್ಲ ಅಂತ ಅರ್ಥ. ಆಗ ಉತ್ತರವನ್ನ ಪ್ರಶ್ನೆ ಕಡೆಗೆ ತಿರುಗಿಸಿ: "ಇಂಥಲ್ಲಿ ಓದಿದ್ದು ಸರ್, ಎಂಟೆಕ್ ಪ್ರಾಜೆಕ್ಟ್ ವಿತರಣಾ ಜಾಲದ ಮೇಲೇ ಇತ್ತು, ಆದ್ರೆ 24 ಗಂಟೆ ಸರಬರಾಜು ಅಂದ್ಕೊಂಡು ಮಾಡಿದ್ದೆ, ಫೀಲ್ಡಿಗೆ ಬಂದ್ಮೇಲೆ ಅದು ಹೊಂದ್ಲಿಲ್ಲ."

ಆನ್‌ಲೈನ್ ಆದ್ರೆ ಚೀಟಿ ಸ್ಕ್ರೀನ್ ಪಕ್ಕ ಅಂಟಿಸ್ಕೊಂಡು ಓದೋದು ಬೇಡ, ಕಣ್ಣು ಓಡೋದು ಆ ಕಡೆ ಚೆನ್ನಾಗಿ ಕಾಣತ್ತೆ. ಬಿಳಿ ಹಾಳೆ, ದಪ್ಪ ಮಾರ್ಕರ್ ಪಕ್ಕದಲ್ಲಿಟ್ಕೊಳ್ಳಿ, ಲೆಕ್ಕ ಕೊಟ್ರೆ ಬರೆದು ಕ್ಯಾಮೆರಾಗೆ ಹಿಡಿಯೋಕೆ. ಆಫೀಸಿಂದ ಕೂತು ಇಂಟರ್‌ವ್ಯೂ ಕೊಡ್ಬೇಡಿ, ಮಧ್ಯದಲ್ಲಿ ವಾಲ್ವ್‌ಮನ್ ಬಂದು "ಮೇಡಂ, ಮೂರನೇ ವಾರ್ಡಲ್ಲಿ ನೀರು ಬಂದಿಲ್ವಂತೆ" ಅಂದ್ರೆ ಅವರನ್ನ ಬೈಯೋಕಾಗಲ್ಲ.